ಕಮಿಷನ್ ಪುಸ್ತಕ: ತಲೆಗೊಂದು ಸಾಲು

ಮನೆ, ಸೈಟು, ಫ್ಲ್ಯಾಟ್ ಮಾರಿಸುವ ಏಜೆಂಟರಿಗೆ ಓನರ್ ಕಮಿಷನ್ ಕೊಡದೆ ಸತಾಯಿಸುವುದು ಗೊತ್ತಿರುವ ತಾಪತ್ರಯ. ಅದಕ್ಕಿಂತ ಹೆಚ್ಚು ಸಂಬಂಧ ಕೆಡಿಸುವುದು ಕಮಿಷನ್ ಬಂದ ಮೇಲಿನ ಹಂಚಿಕೆ. ಪಾರ್ಟಿ ತಂದ ಸಹ ಬ್ರೋಕರ್ ಅರ್ಧ ಕೇಳುತ್ತಾರೆ, ಓನರನ್ನು ಹುಡುಕಿಕೊಟ್ಟ ಸಬ್ ಏಜೆಂಟ್ ಶೇಕಡಾ 30 ಎನ್ನುತ್ತಾರೆ, ಆ ಓನರ್ ಮನೆ ಮಾರುತ್ತಿದ್ದಾರೆಂದು ಮೊದಲು ಸುದ್ದಿ ಕೊಟ್ಟ ಹಳೆಯ ಗಿರಾಕಿ ತನಗೂ ಏನಾದರೂ ಸಿಗಬಹುದೆಂದು ಕಾದಿರುತ್ತಾರೆ. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಶೇಕಡಾ ಎಷ್ಟು ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿದ್ದರೂ ಅದು ಯಾವ ಮೊತ್ತದ ಮೇಲೆ, ಯಾವ ಕಡಿತದ ನಂತರ, ಯಾವಾಗ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ನೆನಪಿಟ್ಟುಕೊಂಡಿರುತ್ತಾರೆ.

ಹೆಚ್ಚಿನ ಏಜೆಂಟರು ಲೆಕ್ಕ ಬರೆಯುವುದಿಲ್ಲ ಎಂದಲ್ಲ. ಬರೆಯುತ್ತಾರೆ, ಆದರೆ ಡೀಲಿಗೆ ಒಂದು ಸಾಲು ಬರೆಯುತ್ತಾರೆ, ಅದೂ ಹಣ ಕೈಗೆ ಬಂದ ದಿನ. ನನ್ನ ವಾದವೆಂದರೆ ಈ ಎರಡೂ ಅಭ್ಯಾಸ ತಿರುವುಮುರುವಾಗಬೇಕು. ಪಾಲಿಗೆ ಹಕ್ಕುಳ್ಳ ಪ್ರತಿಯೊಬ್ಬರಿಗೂ ಪ್ರತ್ಯೇಕ ಸಾಲು ಇರಬೇಕು, ಆ ಸಾಲು ಹುಟ್ಟಬೇಕಾದದ್ದು ಪಾರ್ಟಿ ಮನೆ ನೋಡಿದ ದಿನ. ಹಣ ಬಂದ ಮೇಲೆ ಬರೆದ ಲೆಕ್ಕ ಬರೆದವರ ನೆನಪನ್ನಷ್ಟೇ ತೋರಿಸುತ್ತದೆ. ಅಷ್ಟರಲ್ಲಿ ಎಲ್ಲರ ನೆನಪೂ ಅವರವರ ಲಾಭದ ಕಡೆಗೆ ವಾಲಿರುತ್ತದೆ.

ಯಾರು ಯಾರಿಗೆ ಉತ್ತರ ಕೊಡಬೇಕು

ಪುಸ್ತಕದಲ್ಲಿ ‘ಪಾತ್ರ’ ಎಂಬ ಕಾಲಂ ಏಕೆ ಬೇಕೆಂದು ತಿಳಿಯಲು ಕಾನೂನಿನ ಎರಡು ಮಾತು ಸಾಕು. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಸಬ್ ಏಜೆಂಟ್ ಎಂದರೆ ಮೂಲ ಏಜೆಂಟ್ ನೇಮಿಸಿಕೊಂಡು, ತನ್ನ ಹತೋಟಿಯಲ್ಲಿ ಕೆಲಸ ಮಾಡಿಸುವ ವ್ಯಕ್ತಿ. ಅವರ ಕೆಲಸಕ್ಕೆ ಓನರ್ ಮುಂದೆ ನೀವೇ ಹೊಣೆ. ಅವರೂ ತಮ್ಮ ಪಾಲನ್ನು ನಿಮ್ಮಿಂದಲೇ ಕೇಳಬೇಕು. ಸಹ ಬ್ರೋಕರ್ ಹಾಗಲ್ಲ. ಅವರು ತಮ್ಮದೇ ಪಾರ್ಟಿಗಾಗಿ ಕೆಲಸ ಮಾಡುವ, ನಿಮ್ಮ ಸರಿಸಮಾನ ವ್ಯಕ್ತಿ. ನಿಮ್ಮಿಬ್ಬರ ನಡುವೆ ಇರುವುದು ಹಂಚಿಕೆಯ ಒಪ್ಪಂದ ಮಾತ್ರ. ಸುದ್ದಿ ಕೊಟ್ಟ ರೆಫರೆನ್ಸಿನವರಂತೂ ಏಜೆಂಟರೇ ಅಲ್ಲ. ಅವರಿಗೆ ಕೊಡುವುದು ನೀವು ಮಾತುಕೊಟ್ಟಷ್ಟು. ಮೂವರನ್ನೂ ‘ಪಾರ್ಟ್‌ನರ್’ ಎಂದು ಒಂದೇ ಕಾಲಂಗೆ ತುಂಬಿದರೆ ಯಾರ ಪಾಲು ಯಾರ ಪಾಲಿನೊಳಗಿಂದ ಹೋಗಬೇಕೆಂಬುದೇ ಮರೆಯಾಗುತ್ತದೆ.

ಅದೇ ಕಾಯಿದೆಯ 219ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ವಿಶೇಷ ಒಪ್ಪಂದ ಇಲ್ಲದಿದ್ದರೆ, ಒಪ್ಪಿಸಿದ ಕೆಲಸ ಪೂರ್ಣವಾಗುವವರೆಗೆ ಏಜೆಂಟರಿಗೆ ಪ್ರತಿಫಲ ಸಲ್ಲಬೇಕಾಗಿಲ್ಲ. ಕೆಲಸ ಪೂರ್ಣವಾಗುವುದು ಯಾವಾಗ? ಟೋಕನ್ ಅಡ್ವಾನ್ಸ್ ಕೊಟ್ಟಾಗಲೋ, ಮಾರಾಟದ ಕರಾರು ಆದಾಗಲೋ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆದಾಗಲೋ? ಕರ್ನಾಟಕದಲ್ಲಿ ಈಗ ಇ-ಖಾತಾ ಕೈಗೆ ಬರುವವರೆಗೆ ನೋಂದಣಿ ನಿಲ್ಲುವುದು ಮಾಮೂಲಾದ್ದರಿಂದ ಕರಾರಿಗೂ ಕ್ರಯಪತ್ರಕ್ಕೂ ನಡುವೆ ತಿಂಗಳುಗಳೇ ಉರುಳಬಹುದು. ಕರಾರಿನ ದಿನವೇ ಪಾಲು ಬರುತ್ತದೆಂದು ಸಬ್ ಏಜೆಂಟ್ ನಂಬಿದ್ದು, ನೋಂದಣಿಯ ದಿನ ಕೊಡೋಣವೆಂದು ನೀವು ಅಂದುಕೊಂಡಿದ್ದರೆ ಅಷ್ಟು ತಿಂಗಳೂ ಒಳಗೊಳಗೇ ಅಸಮಾಧಾನ ಬೆಳೆಯುತ್ತದೆ. ಆದ್ದರಿಂದ ‘ಯಾವ ಹಂತದಲ್ಲಿ ಸಲ್ಲುತ್ತದೆ’ ಎಂಬುದೂ ಬರೆದಿರಬೇಕು.

ಪುಸ್ತಕ ಕಟ್ಟುವ ಬಗೆ

ದೊಡ್ಡ ಸಾಫ್ಟ್‌ವೇರ್ ಬೇಡ. ಫೋನಿನಲ್ಲೂ ತೆರೆಯಬಹುದಾದ ಒಂದು ಸ್ಪ್ರೆಡ್‌ಶೀಟ್, ಅದರಲ್ಲಿ ಮೂರು ಹಾಳೆ ಸಾಕು. ಉದ್ದ ಗೆರೆ ಎಳೆದ ಲೆಡ್ಜರ್ ಪುಸ್ತಕದಲ್ಲೂ ಇದನ್ನೇ ಮಾಡಬಹುದು.

1. ಪರಿಚಯದ ಹಾಳೆ. ಪಾರ್ಟಿ ಯಾವ ಆಸ್ತಿಯನ್ನು ಯಾವ ದಿನ ನೋಡಿದರು, ಯಾರು ಕರೆತಂದರು ಎಂಬುದು ಇಲ್ಲಿ ದಾಖಲಾಗುತ್ತದೆ. ತಾರೀಖು, ಸಮಯ, ಪಾರ್ಟಿಯ ಹೆಸರು, ಫೋನಿನ ಕೊನೆಯ ನಾಲ್ಕು ಅಂಕಿ, ಆಸ್ತಿ, ಕರೆತಂದವರು, ಈ ಪರಿಚಯ ಎಷ್ಟು ದಿನ ಊರ್ಜಿತ ಎಂಬಷ್ಟು ಕಾಲಂ ಇದ್ದರೆ ಆಯಿತು. ಕೊನೆಯದು ಮುಖ್ಯ. ಒಂದೇ ಫ್ಲ್ಯಾಟನ್ನು ಒಂದೇ ಕುಟುಂಬಕ್ಕೆ ಇಬ್ಬರು ಬ್ರೋಕರ್ ತೋರಿಸುವುದು ನಮ್ಮಲ್ಲಿ ಅಪರೂಪವಲ್ಲ. ಗಂಡನ ನಂಬರಿನಿಂದ ಒಬ್ಬರ ಜೊತೆ, ಹೆಂಡತಿಯ ನಂಬರಿನಿಂದ ಇನ್ನೊಬ್ಬರ ಜೊತೆ ಬಂದಿರುತ್ತಾರೆ. ಹಾಗಾಗಿ ಹೊಸ ಹೆಸರು ಬರೆಯುವ ಮೊದಲು ಅದೇ ಆಸ್ತಿಯ ಹಿಂದಿನ ಸಾಲುಗಳನ್ನೆಲ್ಲ ಓದಿ, ಮನೆಮಂದಿಯ ಇತರ ನಂಬರುಗಳನ್ನೂ ಕೇಳಿ. ಮೊದಲು ಹೆಸರು ಹೇಳಿದವರಿಗೆ ಹಕ್ಕೋ, ಮೊದಲು ಕರೆತಂದು ತೋರಿಸಿದವರಿಗೋ ಎಂಬ ನಿಯಮವನ್ನು ನೀವೇ ನಿರ್ಧರಿಸಿ ಎಲ್ಲರಿಗೂ ಒಂದೇ ರೀತಿ ಅನ್ವಯಿಸಬೇಕು. ನನ್ನ ಮತ ತೋರಿಸಿದವರ ಪರ. ವಾಟ್ಸ್ಆ್ಯಪ್‌ನಲ್ಲಿ ಹೆಸರುಗಳ ಪಟ್ಟಿ ಕಳಿಸಿ ಎಲ್ಲರ ಮೇಲೂ ಹಕ್ಕು ಸಾಧಿಸುವುದು ಬಹಳ ಸುಲಭ. 90 ದಿನದ ಅವಧಿ ಇಟ್ಟರೆ, ಮೂರು ತಿಂಗಳು ಬಿಟ್ಟು ಬೇರೆಯವರ ಜೊತೆ ಬಂದು ಕೊಂಡರೆ ಯಾರಿಗೆ ಪಾಲು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

2. ಪಾಲಿನ ಹಾಳೆ. ಮಾತುಕತೆ ಗಂಭೀರವಾದ ಕೂಡಲೇ ಡೀಲಿಗೆ ಒಂದು ನಂಬರ್ ಕೊಟ್ಟು, ಪಾಲಿಗೆ ಹಕ್ಕುಳ್ಳ ಪ್ರತಿಯೊಬ್ಬರಿಗೂ ಒಂದು ಸಾಲು ತೆರೆಯಿರಿ. ನಿಮಗೂ ಒಂದು ಸಾಲು ಇರಲಿ. ಡೀಲ್ ನಂಬರ್, ಹೆಸರು, ಪಾತ್ರ, ಶೇಕಡಾ ಅಥವಾ ಇಡಿ ಮೊತ್ತ, ‘ಯಾವುದರ ಮೇಲೆ’, ‘ಯಾವ ಹಂತದಲ್ಲಿ’, ‘ಹಣ ಬಂದರೆ ಮಾತ್ರವೋ’, ಅವರು ಒಪ್ಪಿದ ತಾರೀಖು ಇಲ್ಲಿನ ಕಾಲಂಗಳು. ‘ಹಣ ಬಂದರೆ ಮಾತ್ರವೋ’ ಎಂಬುದನ್ನು ಬಿಡಬೇಡಿ. ಓನರ್ ಕೈಕೊಟ್ಟರೆ ಸಬ್ ಏಜೆಂಟ್ ಪಾಲನ್ನು ನೀವು ಜೇಬಿನಿಂದ ಕೊಡಬೇಕೇ ಎಂಬುದು ಈ ಒಂದು ಕಾಲಂನ ಮೇಲೆ ನಿಂತಿದೆ. ಬಾಯಿಮಾತಿನಲ್ಲಿ ಯಾರೂ ಇದನ್ನು ಎತ್ತುವುದೇ ಇಲ್ಲ.

3. ಹಣದ ಹಾಳೆ. ಬಂದ ಪ್ರತಿ ಕಂತು, ಕೊಟ್ಟ ಪ್ರತಿ ಮೊತ್ತ ಇಲ್ಲಿ ಒಂದೊಂದು ಸಾಲು. ತಾರೀಖು, ಡೀಲ್ ನಂಬರ್, ಹೆಸರು, ಬಂತೋ ಹೋಯಿತೋ, ಮೊತ್ತ, ಟಿಡಿಎಸ್, ಬ್ಯಾಂಕಿನ ಯುಟಿಆರ್ ನಂಬರ್. ಇಲ್ಲಿ ಯಾವುದನ್ನೂ ಅಳಿಸಬೇಡಿ. ತಪ್ಪಾದರೆ ಕೆಳಗೆ ಇನ್ನೊಂದು ಸಾಲು ಬರೆದು ಸರಿಪಡಿಸಿ. ಈ ಹಾಳೆಗೆ Money ಎಂದು ಹೆಸರಿಟ್ಟು, ಮೇಲೆ ಹೇಳಿದ ಅನುಕ್ರಮದಲ್ಲೇ ಕಾಲಂಗಳನ್ನು A ಇಂದ ಜೋಡಿಸಿದರೆ, ಬಂದದ್ದಕ್ಕೆ IN, ಹೋದದ್ದಕ್ಕೆ OUT ಎಂದು ಬರೆದರೆ, ಒಬ್ಬರಿಗೆ ಇದುವರೆಗೆ ಎಷ್ಟು ಕೊಟ್ಟಿದ್ದೀರಿ ಎಂಬುದು ಪಾಲಿನ ಹಾಳೆಯಲ್ಲಿ ತಾನೇ ಮೂಡುತ್ತದೆ. ಅಲ್ಲಿ A2ರಲ್ಲಿ ಡೀಲ್ ನಂಬರ್, B2ರಲ್ಲಿ ಹೆಸರು ಇದೆ ಎಂದುಕೊಳ್ಳಿ:

```
=SUMIFS(Money!E:E, Money!B:B, A2, Money!C:C, B2, Money!D:D, "OUT")
```

ಹೆಸರನ್ನು ಎರಡೂ ಹಾಳೆಯಲ್ಲಿ ಅಕ್ಷರಶಃ ಒಂದೇ ರೀತಿ ಬರೆದಿರಬೇಕು. ಇಲ್ಲದಿದ್ದರೆ ಸೂತ್ರ ಸುಮ್ಮನೆ ಸೊನ್ನೆ ತೋರಿಸುತ್ತದೆ, ನೀವು ಎರಡನೇ ಸಲ ಹಣ ಹಾಕಿಬಿಡುತ್ತೀರಿ.

ಒಂದು ಡೀಲನ್ನು ಬಿಡಿಸಿ ನೋಡೋಣ

ಬೆಂಗಳೂರಿನಲ್ಲಿ 90 ಲಕ್ಷ ರೂಪಾಯಿಗೆ ಮರುಮಾರಾಟವಾಗುವ ಒಂದು ಫ್ಲ್ಯಾಟ್ ಎಂದಿಟ್ಟುಕೊಳ್ಳಿ. ಓನರ್ ನಿಮ್ಮ ಕಡೆಯವರು, ಶೇಕಡಾ 2 ಕೊಡಲು ಒಪ್ಪಿದ್ದಾರೆ; ಅಂದರೆ 1,80,000 ರೂಪಾಯಿ. ಕೊಳ್ಳುವ ಪಾರ್ಟಿಯನ್ನು ತಂದ ಸಹ ಬ್ರೋಕರ್‌ಗೆ ಅದರಲ್ಲಿ ಅರ್ಧ. ಓನರನ್ನು ನಿಮ್ಮ ಬಳಿ ಕರೆತಂದ ಸಬ್ ಏಜೆಂಟ್‌ಗೆ ಶೇಕಡಾ 30. ಸುದ್ದಿ ಕೊಟ್ಟ ಹಳೆಯ ಗಿರಾಕಿಗೆ ಇಡಿಯಾಗಿ 5,000.

ಸಬ್ ಏಜೆಂಟ್‌ನ ಶೇಕಡಾ 30 ಎಷ್ಟು? ಇಡೀ ಕಮಿಷನ್ನಿನ ಮೇಲೆ ಎಂದುಕೊಂಡರೆ 54,000. ಸಹ ಬ್ರೋಕರ್ ಪಾಲು ಕಳೆದು ನಿಮಗುಳಿದ 90,000ದ ಮೇಲೆ ಎಂದರೆ 27,000. ರೆಫರೆನ್ಸಿನ 5,000ವನ್ನೂ ಮೊದಲು ತೆಗೆದು ಉಳಿದ 85,000ದ ಮೇಲೆ ಎಂದರೆ 25,500. ಮೂರೂ ಲೆಕ್ಕ ಶೇಕಡಾ 30ರದೇ, ಮೂರನ್ನೂ ಪ್ರಾಮಾಣಿಕವಾಗಿ ನಂಬಬಹುದು. ‘ಯಾವುದರ ಮೇಲೆ’ ಎಂಬ ಕಾಲಂನಲ್ಲಿ ‘ಸಹ ಬ್ರೋಕರ್ ಮತ್ತು ರೆಫರೆನ್ಸ್ ಕಳೆದು ಉಳಿದದ್ದರ ಮೇಲೆ’ ಎಂದು ಒಂದು ಸಾಲು ಬರೆದು ತೋರಿಸಿದ್ದರೆ ಸಬ್ ಏಜೆಂಟ್ ಆಗಲೇ ಒಪ್ಪುತ್ತಿದ್ದರು, ಇಲ್ಲವೇ ಚೌಕಾಸಿ ಮಾಡುತ್ತಿದ್ದರು. ಎರಡೂ ನೋಂದಣಿಯ ಸಂಜೆಯ ಜಗಳಕ್ಕಿಂತ ಮೇಲು.

ಈಗ ನಿಜ ಜೀವನದಲ್ಲಿ ಆಗುವಂತೆ, ಓನರ್ ನೋಂದಣಿಯ ದಿನ 1,00,000 ಮಾತ್ರ ಕೊಡುತ್ತಾರೆ, ಉಳಿದದ್ದು ಮುಂದಿನ ತಿಂಗಳು ಎನ್ನುತ್ತಾರೆ. ಸಹ ಬ್ರೋಕರ್ ಎದುರಿಗೇ ನಿಂತಿದ್ದಾರೆಂದು ಅವರ ಪೂರ್ತಿ 90,000 ಕೊಟ್ಟುಬಿಡುವುದು ಇಲ್ಲಿ ಸಹಜವಾಗಿ ಆಗುವ ತಪ್ಪು. ಬಂದ ಕಂತನ್ನು ಒಪ್ಪಿದ ಅನುಪಾತದಲ್ಲೇ ಹಂಚಬೇಕು. ಸಹ ಬ್ರೋಕರ್‌ಗೆ 50,000, ನಿಮ್ಮ ಕಡೆಯ 50,000ದಲ್ಲಿ ರೆಫರೆನ್ಸಿಗೆ 5,000, ಉಳಿದ 45,000ದಲ್ಲಿ ಸಬ್ ಏಜೆಂಟ್‌ಗೆ 13,500, ನಿಮಗೆ 31,500. ಇದರ ಪ್ರಯೋಜನ ಮುಂದಿನ ತಿಂಗಳು ಗೊತ್ತಾಗುತ್ತದೆ. ಓನರ್ 80,000ದ ಬದಲು 60,000 ಕೊಟ್ಟು, “ಇಷ್ಟರಲ್ಲೇ ಮುಗಿಸಿಕೊಳ್ಳಿ ಸ್ವಾಮಿ” ಎನ್ನುತ್ತಾರೆ. ಎಲ್ಲರೂ ಆ ಕಡಿತಕ್ಕೆ ಒಪ್ಪಿದರೆ ಈ ಕಂತಿನಲ್ಲಿ ಸಹ ಬ್ರೋಕರ್‌ಗೆ 30,000, ಸಬ್ ಏಜೆಂಟ್‌ಗೆ 9,000, ನಿಮಗೆ 21,000. ಒಟ್ಟು ಸಹ ಬ್ರೋಕರ್‌ಗೆ 80,000, ಸಬ್ ಏಜೆಂಟ್‌ಗೆ 22,500, ರೆಫರೆನ್ಸಿಗೆ 5,000, ನಿಮಗೆ 52,500. ಕೂಡಿದರೆ ಬಂದ 1,60,000ಕ್ಕೆ ಸರಿಹೊಂದುತ್ತದೆ. ಮೊದಲೇ 90,000 ಕೊಟ್ಟಿದ್ದರೆ ಸಹ ಬ್ರೋಕರ್‌ಗೆ 10,000 ಹೆಚ್ಚಾಗಿ ಹೋಗಿರುತ್ತಿತ್ತು. ಅದನ್ನು ವಾಪಸ್ ಕೇಳುವ ಧೈರ್ಯ ಯಾರಿಗೂ ಇರುವುದಿಲ್ಲ.

‘ಎಲ್ಲರೂ ಒಪ್ಪಿದರೆ’ ಎಂದೆ, ಅದು ಸಣ್ಣ ಷರತ್ತಲ್ಲ. ಓನರ್ ಜೊತೆ ಕೂತು 20,000 ಬಿಟ್ಟುಕೊಟ್ಟದ್ದು ನೀವೊಬ್ಬರೇ ಆಗಿದ್ದರೆ, ತನ್ನ 90,000ದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಬಾರದೆಂದು ಸಹ ಬ್ರೋಕರ್ ಹೇಳುವುದು ನ್ಯಾಯವೇ. ಆದ್ದರಿಂದ ಕಮಿಷನ್ ಇಳಿಸುವ ಮಾತು ಬಂದಾಗ ಉತ್ತರ ಕೊಡುವ ಮೊದಲು ಅವರಿಗೆ ಫೋನ್ ಮಾಡಿ, ಒಪ್ಪಿದ್ದನ್ನು ಸಂದೇಶದಲ್ಲಿ ಪಡೆದು, ಪಾಲಿನ ಹಾಳೆಯಲ್ಲಿ ಹಳೆಯ ಸಾಲನ್ನು ಹಾಗೇ ಉಳಿಸಿ, ಕೆಳಗೆ ತಾರೀಖಿನೊಂದಿಗೆ ಹೊಸ ಸಾಲು ಬರೆಯಿರಿ.

“ನಂಬಿಕೆ ಮೇಲೆ ನಡೆಯೋ ವ್ಯವಹಾರ ಇದು”

ಇದಕ್ಕೆ ಬರುವ ಮೊದಲ ಆಕ್ಷೇಪ ನಂಬಿಕೆಯದು. ಹತ್ತು ವರ್ಷ ಜೊತೆಗಿರುವ ಬ್ರೋಕರ್ ಹತ್ತಿರ ಬರೆದುಕೊಡಿ ಎಂದರೆ ಅನುಮಾನ ಪಟ್ಟಂತೆ ಅಲ್ಲವೇ? ಸಹಿ ಕೇಳಿದರೆ ಹಾಗೆ ಅನ್ನಿಸುವುದು ನಿಜ. ಅದಕ್ಕೇ ಸಹಿಯ ಬದಲು ಮಾಹಿತಿ ಕೊಡುವ ಧಾಟಿಯ ಒಂದು ಸಂದೇಶ ಸಾಕು ಎನ್ನುತ್ತೇನೆ: “ಸರ್, ಇವತ್ತು ಸಂಜೆ ನಿಮ್ಮ ಪಾರ್ಟಿಗೆ ಎರಡನೇ ಮಹಡಿಯ ಫ್ಲ್ಯಾಟ್ ತೋರಿಸಿದ್ದು ಬರೆದುಕೊಂಡಿದ್ದೇನೆ. ಡೀಲ್ ಆದರೆ ಓನರ್ ಕೊಡುವ ಕಮಿಷನ್ನಿನಲ್ಲಿ ಅರ್ಧ ನಿಮ್ಮದು, ಬಂದ ಹಾಗೆ ಕಂತಿನಲ್ಲಿ ಕೊಡುತ್ತೇನೆ. 90 ದಿನ ಈ ಪಾರ್ಟಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಸರಿ ತಾನೇ?” ಇದನ್ನು ಓದಿದ ಸಹ ಬ್ರೋಕರ್‌ಗೆ ಅನುಮಾನಕ್ಕಿಂತ ನೆಮ್ಮದಿಯೇ ಹೆಚ್ಚು. ತನ್ನ ಪಾರ್ಟಿಯನ್ನು ನೀವು ಹಿಂದಿನಿಂದ ಸೆಳೆದುಕೊಳ್ಳುವುದಿಲ್ಲ ಎಂಬ ಭರವಸೆ ಅದರಲ್ಲಿದೆ. ಅವರ “ಸರಿ” ಎಂಬ ಉತ್ತರ ನಿಮಗೆ ಬೇಕೇ ಬೇಕು. ವ್ಯವಹಾರದಲ್ಲಿ ಕ್ರಮವಾಗಿ ಇಟ್ಟ ಲೆಕ್ಕಪುಸ್ತಕವನ್ನು ಸಾಕ್ಷ್ಯವಾಗಿ ಪರಿಗಣಿಸಬಹುದಾದರೂ, ಅದೊಂದರಿಂದಲೇ ಇನ್ನೊಬ್ಬರ ಮೇಲೆ ಹೊಣೆ ಹೊರಿಸಲಾಗದು ಎಂಬುದು ಹಳೆಯ ಸಾಕ್ಷ್ಯ ಕಾಯಿದೆಯಲ್ಲೂ ಇತ್ತು, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೆ.

ಎರಡನೆಯ ಆಕ್ಷೇಪ ಶ್ರಮದ್ದು. ಹತ್ತು ಜನ ನೋಡಿದರೆ ಒಬ್ಬರು ಕೊಳ್ಳುತ್ತಾರೋ ಇಲ್ಲವೋ, ಎಲ್ಲರನ್ನೂ ಏಕೆ ಬರೆಯಬೇಕು? ಇದರಲ್ಲಿ ಅರ್ಧ ಸತ್ಯವಿದೆ. ಪಾಲಿನ ಹಾಳೆಯನ್ನು ಎಲ್ಲರಿಗೂ ತೆರೆಯುವ ಅಗತ್ಯವಿಲ್ಲ, ಬೆಲೆಯ ಮಾತು ಶುರುವಾದವರಿಗೆ ಸಾಕು. ಪರಿಚಯದ ಹಾಳೆಯ ಒಂದು ಸಾಲು ಮಾತ್ರ ಎಲ್ಲರಿಗೂ ಬೇಕು, ಏಕೆಂದರೆ ಯಾರು ಮರಳಿ ಬರುತ್ತಾರೆಂದು ಆ ದಿನ ಗೊತ್ತಿರುವುದಿಲ್ಲ. ತಣ್ಣಗಾದ ಪಾರ್ಟಿ ಎರಡು ತಿಂಗಳ ಮೇಲೆ ಬೇರೊಬ್ಬರ ಜೊತೆ ಬಂದು ಟೋಕನ್ ಕೊಡುವಾಗಲೇ ಹಕ್ಕಿನ ಪ್ರಶ್ನೆ ಏಳುವುದು.

ಇನ್ನು ಪುಸ್ತಕ ತೋರಿಸಿದರೆ ತಮ್ಮ ಸಂಪಾದನೆ ಎಲ್ಲರಿಗೂ ಗೊತ್ತಾಗುತ್ತದೆಂಬ ಹೆದರಿಕೆ. ಇಡೀ ಶೀಟಿನ ಲಿಂಕ್ ಯಾರಿಗೂ ಕೊಡಬೇಡಿ. ಅವರವರ ಸಾಲಿನ ಚಿತ್ರ ತೆಗೆದು ಅವರವರಿಗೆ ಕಳಿಸಿ. ಕೊಳ್ಳುವವರ ಪೂರ್ತಿ ನಂಬರನ್ನೂ ಅದರಲ್ಲಿ ಇಡಬೇಡಿ.

ತೆರಿಗೆ ಮತ್ತು ರೇರಾ: ಎಚ್ಚರ ತಪ್ಪುವ ಜಾಗಗಳು

ಬ್ಯಾಂಕಿಗೆ ಬಂದ ಮೊತ್ತವನ್ನೇ ಕಮಿಷನ್ ಎಂದು ಬರೆಯುವುದು ಪದೇ ಪದೇ ಕಾಣುವ ತಪ್ಪು. ಬಿಲ್ಡರ್ ನಿಮಗೆ 2,00,000 ಕಮಿಷನ್ ಕೊಡಬೇಕಿದ್ದು ನೀವು ಜಿಎಸ್‌ಟಿ ನೋಂದಾಯಿತರಾಗಿದ್ದರೆ ಬಿಲ್ ಶೇಕಡಾ 18 ಸೇರಿ 2,36,000. ಕಮಿಷನ್ ಮೇಲಿನ ಟಿಡಿಎಸ್ ದರ 2024ರ ಅಕ್ಟೋಬರ್‌ನಿಂದ ಶೇಕಡಾ 2. ಬಿಲ್ಲಿನಲ್ಲಿ ಜಿಎಸ್‌ಟಿ ಪ್ರತ್ಯೇಕವಾಗಿ ತೋರಿಸಿದ್ದರೆ ಅದನ್ನು 2,00,000ದ ಮೇಲೆ ಮಾತ್ರ ಹಿಡಿಯುತ್ತಾರೆ. ಹಾಗಾಗಿ ಖಾತೆಗೆ ಬರುವುದು 2,32,000. ಇದರ ಮೇಲೆ ಪಾಲು ಹಾಕಿದರೆ ಸರ್ಕಾರಕ್ಕೆ ಕಟ್ಟಬೇಕಾದ 36,000ವನ್ನೂ ಹಂಚಿದಂತಾಯಿತು. ಜಿಎಸ್‌ಟಿ ಇಲ್ಲದವರ ಖಾತೆಗೆ 1,96,000 ಬರುತ್ತದೆ. ಅದರ ಮೇಲೆ ಪಾಲು ಹಾಕಿದರೆ, ನಿಮ್ಮ ಪ್ಯಾನ್‌ಗೆ ಜಮೆಯಾದ 4,000ದ ಭಾರವನ್ನು ಸಬ್ ಏಜೆಂಟ್ ಮೇಲೂ ಹೊರಿಸಿದಂತಾಯಿತು. ಎರಡೂ ಸಂದರ್ಭದಲ್ಲಿ ಹಂಚಿಕೆಯ ಆಧಾರ 2,00,000. ಹಣದ ಹಾಳೆಯಲ್ಲಿ ಮೊತ್ತ ಮತ್ತು ಟಿಡಿಎಸ್ ಬೇರೆ ಕಾಲಂ ಆಗಿರುವುದು ಇದಕ್ಕೇ.

ಪೂರ್ತಿ ಕಮಿಷನ್ನಿಗೆ ನೀವೊಬ್ಬರೇ ಬಿಲ್ ಮಾಡಿ, ಅರ್ಧವನ್ನು ಸಹ ಬ್ರೋಕರ್‌ಗೆ ದಾಟಿಸಿದರೂ ನಿಮ್ಮ ವಹಿವಾಟು ಪೂರ್ತಿ ಮೊತ್ತವೇ. ಕರ್ನಾಟಕದಲ್ಲಿ ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ. ಬೇರೆಯವರ ಪಾಲಿನಿಂದಲೇ ನೀವು ಆ ಗೆರೆ ದಾಟಬಹುದು. ಓನರ್ ಒಪ್ಪಿದರೆ ಇಬ್ಬರೂ ತಂತಮ್ಮ ಪಾಲಿಗೆ ಬೇರೆ ಬೇರೆ ಬಿಲ್ ಕೊಡುವುದು ಉತ್ತಮ. ಇನ್ನು ನೀವೇ ಕಮಿಷನ್ ಕೊಡುವಾಗ, ಹಿಂದಿನ ವರ್ಷದ ವಹಿವಾಟು 1 ಕೋಟಿ ದಾಟಿದ್ದರೆ, ಒಬ್ಬರಿಗೆ ವರ್ಷಕ್ಕೆ 20,000ಕ್ಕಿಂತ ಹೆಚ್ಚು ಕೊಟ್ಟಲ್ಲಿ ಟಿಡಿಎಸ್ ಹಿಡಿಯುವ ಹೊಣೆ ನಿಮ್ಮ ಮೇಲೂ ಬರುತ್ತದೆ. ಆದ್ದರಿಂದ ಪಾಲಿನವರ ಪ್ಯಾನ್ ನಂಬರನ್ನು ಮೊದಲ ಪಾವತಿಗೆ ಮುಂಚೆಯೇ ಪಡೆಯಿರಿ. ಪ್ಯಾನ್ ಇಲ್ಲದವರಿಗೆ ಹಿಡಿಯಬೇಕಾದ ದರ ಶೇಕಡಾ 20.

ರೇರಾದಲ್ಲಿ ನೋಂದಣಿಯಾದ ಯೋಜನೆಯ ಸೈಟು, ಫ್ಲ್ಯಾಟ್ ಮಾರಿಸುವುದಾದರೆ 2016ರ ಕಾಯಿದೆಯ 9ನೇ ಕಲಂ ಪ್ರಕಾರ ಏಜೆಂಟ್ ನೋಂದಣಿ ಕಡ್ಡಾಯ. ಲೆಕ್ಕಪತ್ರ, ದಾಖಲೆಗಳನ್ನು ಇಟ್ಟುಕೊಳ್ಳಬೇಕೆಂದು 10ನೇ ಕಲಂ ಹೇಳುತ್ತದೆ. ಉಲ್ಲಂಘನೆಗೆ ದಿನಕ್ಕೆ 10,000 ರೂಪಾಯಿಯಂತೆ, ಆ ಆಸ್ತಿಯ ಬೆಲೆಯ ಶೇಕಡಾ 5ರವರೆಗೆ ದಂಡವಿದೆ. ನಿಮ್ಮ ನೋಂದಣಿಯ ನೆರಳಿನಲ್ಲಿ ಪ್ರಾಜೆಕ್ಟ್ ಮಾರಿಸುತ್ತ ಓಡಾಡುವ ಸಬ್ ಏಜೆಂಟ್‌ಗೆ ಸ್ವಂತ ನೋಂದಣಿ ಇದೆಯೇ ಎಂಬುದಕ್ಕೂ ಪಾಲಿನ ಹಾಳೆಯಲ್ಲಿ ಒಂದು ಕಾಲಂ ಇರಲಿ. ಅಲ್ಲಿ ಖಾಲಿ ಬಿಟ್ಟವರನ್ನು ಬಿಲ್ಡರ್ ಪ್ರಾಜೆಕ್ಟಿಗೆ ಕಳಿಸಬೇಡಿ.

ವಾರಕ್ಕೊಮ್ಮೆ ನೋಡಬೇಕಾದದ್ದು

ಪುಸ್ತಕ ಹಾದಿ ತಪ್ಪಿದೆಯೇ ಎಂದು ತಿಳಿಯಲು ಒಂದೇ ಪರೀಕ್ಷೆ ಸಾಕು: ಪ್ರತಿ ಡೀಲಿನಲ್ಲಿ ಬಂದ ಒಟ್ಟು ಮೊತ್ತವು, ಕೊಟ್ಟದ್ದು, ಕೊಡಬೇಕಿರುವುದು ಮತ್ತು ನಿಮ್ಮ ಸ್ವಂತ ಪಾಲು ಈ ಮೂರರ ಮೊತ್ತಕ್ಕೆ ಸಮ ಇರಬೇಕು. ಇರದಿದ್ದರೆ ಯಾರದೋ ಒಂದು ಸಾಲು ಬಿಟ್ಟುಹೋಗಿದೆ, ಅಥವಾ ನಗದಾಗಿ ಕೊಟ್ಟ ಸಣ್ಣ ಮೊತ್ತ ದಾಖಲಾಗಿಲ್ಲ. ನನಗೆ ಕಂಡಂತೆ ಎರಡನೆಯದೇ ಹೆಚ್ಚು. ಪೆಟ್ರೋಲಿಗೆಂದು ಸಬ್ ಏಜೆಂಟ್ ಕೈಗಿಟ್ಟ ಎರಡು ಸಾವಿರ ಅವರ ಪಾಲಿನ ಮುಂಗಡವೋ ಖರ್ಚಿಗೆ ಕೊಟ್ಟದ್ದೋ ಎಂಬುದನ್ನು ಕೊಡುವಾಗಲೇ ಹೇಳಿ ಬರೆದುಕೊಳ್ಳಬೇಕು. ಕೊಡಬೇಕಿರುವ ಹಣ ನಿಮ್ಮ ಖಾತೆಯಲ್ಲಿದ್ದರೂ ಅದು ನಿಮ್ಮದಲ್ಲವಾದ್ದರಿಂದ, ಸಾಧ್ಯವಿದ್ದರೆ ಕಮಿಷನ್ನಿಗೆಂದೇ ಬೇರೆ ಬ್ಯಾಂಕ್ ಖಾತೆ ಇಟ್ಟು, ಹಂಚಿಕೆ ಮುಗಿದ ಮೇಲೆ ನಿಮ್ಮ ಪಾಲನ್ನು ಮಾತ್ರ ಮನೆಯ ಖಾತೆಗೆ ಎತ್ತಿಕೊಳ್ಳಿ.

ಒಪ್ಪಂದದಂತೆ ಬರಬೇಕಾದ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಇರುವ ಕಾಲಮಿತಿ 3 ವರ್ಷ. ಜಿಎಸ್‌ಟಿ ನೋಂದಣಿ ಇದ್ದವರು ಲೆಕ್ಕಪುಸ್ತಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಆದ್ದರಿಂದ ಮುಗಿದ ಡೀಲ್ ಎಂದು ಯಾವ ಸಾಲನ್ನೂ, ಅದಕ್ಕೆ ಸಂಬಂಧಿಸಿದ ಯಾವ ಸಂದೇಶವನ್ನೂ ಅಳಿಸಬೇಡಿ. ಫೋನ್ ಬದಲಾಯಿಸುವ ಮುನ್ನ ಚಾಟ್ ಬ್ಯಾಕಪ್ ತೆಗೆದಿಡಿ. ಹಾಗೆಂದು ಹಳೆಯ ವರ್ಷಗಳ ಡೀಲುಗಳನ್ನೆಲ್ಲ ನೆನಪಿನಿಂದ ತುಂಬಿಸಲು ಕೂರಬೇಡಿ. ಸದ್ಯ ಕರಾರು ಆಗಿ ನೋಂದಣಿಗೆ ಕಾದಿರುವ ಡೀಲುಗಳನ್ನು ಮೊದಲು ಬರೆದು, ಅವುಗಳಲ್ಲಿ ಪಾಲಿಗಿರುವ ಪ್ರತಿಯೊಬ್ಬರಿಗೂ ಈ ವಾರವೇ ಒಂದೊಂದು ಸಂದೇಶ ಕಳಿಸಿ ಒಪ್ಪಿಗೆ ಪಡೆದುಕೊಳ್ಳಿ.